“ನನ್ನ ಸೀರೆ ಎಲ್ಲದ?” ಎಂದು ಕೇಳಿದವರಿಗೆ ಏನು ಬರೆಯಬೇಕು

ಹನ್ನೊಂದನೇ ತಾರೀಖು, ಗುರುವಾರ, ಬೆಳಿಗ್ಗೆ ಹನ್ನೊಂದೂವರೆಗೆ ಇಳಕಲ್‌ನಿಂದ ನನ್ನ ಚಿಕ್ಕಮ್ಮನ ಮಗಳ ಫೋನು. “ಅಕ್ಕಾ, ಪುಣೆದವ್ರು ಸಿಟ್ಟಿಗೆದ್ದಾರ. ಏನಂತ ಬರೀಲಿ?”

ಅವಳದು ಮನೆಯಿಂದಲೇ ನಡೆಯುವ ಸೀರೆ ವ್ಯಾಪಾರ. ನಾಲ್ಕು ಮಗ್ಗದವರಿಂದ ಇಳಕಲ್ ಸೀರೆ ತಗೊಂಡು, ಸ್ವಂತ ಸಣ್ಣ ವೆಬ್‌ಸೈಟಿನಲ್ಲಿ ಫೋಟೊ ಹಾಕಿ ಮಾರುತ್ತಾಳೆ. ನಾನು ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯ ಆನ್‌ಲೈನ್ ವಿಭಾಗದಲ್ಲಿ ಎಂಟು ವರ್ಷ ಗಿರಾಕಿಗಳ ದೂರಿಗೆ ಉತ್ತರ ಬರೆದವಳು. ಹಾಗಾಗಿ ಇಂಥ ಫೋನುಗಳು ನನಗೇ ಬರುತ್ತವೆ.

ಗಿರಾಕಿಯ ಮೆಸೇಜ್ ಹೀಗಿತ್ತು: “3ನೇ ತಾರೀಖು ದುಡ್ಡು ಹಾಕೀನಿ. ಏಳು ದಿನದಾಗ ಬರ್ತದ ಅಂದಿದ್ರಿ. ಇವತ್ತು 11. ಭಾನುವಾರ ನನ್ನ ತಂಗಿ ಸೀಮಂತ. ಸೀರೆ ಎಲ್ಲದ?” ಅದಕ್ಕೆ ನನ್ನ ತಂಗಿ ಬರೆದಿಟ್ಟುಕೊಂಡಿದ್ದ ಉತ್ತರ ಇದು: “ಸಾರಿ ಮೇಡಂ, ಕೊರಿಯರ್ ಕಡೆಯಿಂದ ಲೇಟ್ ಆಗಿದೆ. ನಮ್ಮ ಕಡೆಯಿಂದ ಮರುದಿನವೇ ಕಳಿಸಿದ್ದೇವೆ. ಟ್ರ್ಯಾಕಿಂಗ್ ಲಿಂಕ್ ಚೆಕ್ ಮಾಡಿ. ಎರಡು ಮೂರು ದಿನದಲ್ಲಿ ಬರುತ್ತೆ.”

ಪುಣ್ಯಕ್ಕೆ ಕಳಿಸಿರಲಿಲ್ಲ. ಅದರಲ್ಲಿ ಸಭ್ಯತೆಗೇನೂ ಕೊರತೆ ಇಲ್ಲ. ಆದರೆ ಆಕೆ ಕೇಳಿದ್ದು “ಎಲ್ಲದ?” ಎಂದು, ಅದಕ್ಕೆ ಉತ್ತರವೇ ಇಲ್ಲ. “ಎರಡು ಮೂರು ದಿನ” ಎಂಬ ಮಾತಿಗೆ ಆಧಾರವೂ ಇಲ್ಲ. ಗುರುವಾರದಿಂದ ಮೂರು ದಿನ ಎಂದರೆ ಭಾನುವಾರ, ಸೀಮಂತದ ದಿನವೇ. ಆಕೆ ಆ ಮಾತನ್ನು ನಂಬಿ ಬೇರೆ ಸೀರೆ ತಗೊಳ್ಳದೆ ಕೂತು, ಭಾನುವಾರ ಬಾಗಿಲು ನೋಡುತ್ತಾ ನಿಂತರೆ ಆ ಹೊಣೆ ಯಾರದು?

“ಮೊದಲು ಒಂದು ಸಾಲು ಹಾಕು” ಎಂದೆ. “ನಿಮ್ಮ ಮೆಸೇಜ್ ನೋಡಿದೆ ಅಕ್ಕಾರ. ಕೊರಿಯರ್ ಆಫೀಸಿಗೆ ಫೋನ್ ಮಾಡಿ ವಿಚಾರಿಸಿ, ಮಧ್ಯಾಹ್ನ 1 ಗಂಟೆಯೊಳಗೆ ಪೂರ್ತಿ ಹೇಳ್ತೀನಿ.” ಇಷ್ಟೇ ಸಾಕು. ಕ್ಷಮೆಯನ್ನಾಗಲಿ ಭರವಸೆಯನ್ನಾಗಲಿ ಈ ಸಾಲಿನಲ್ಲಿ ತುರುಕಬಾರದು. ಇದರ ಕೆಲಸ ಒಂದೂವರೆ ತಾಸು ಕೊಳ್ಳುವುದು ಮಾತ್ರ. ಹೇಳಿದ ಒಂದು ಗಂಟೆಯೊಳಗೆ ಬರೆಯದಿದ್ದರೆ ಮಾತ್ರ ಈ ಸಾಲು ಬರೆಯದೇ ಇದ್ದುದಕ್ಕಿಂತ ಕೆಟ್ಟದ್ದು.

ಆ ಮೇಲೆ ಟ್ರ್ಯಾಕಿಂಗ್ ಪುಟದ ಫೋಟೊ ಕಳಿಸಲು ಹೇಳಿದೆ. ಬಂದದ್ದು ಇಷ್ಟು:

```
04  18:40  Picked Up - Ilkal
05  09:15  Received at Hub - Hubballi
05  22:30  In Transit
07  06:50  Received at Hub - Bhiwandi
08  11:05  Undelivered - Incorrect Address
08  19:20  On Hold
```

ಇದನ್ನು ಓದುವ ಕ್ರಮವೊಂದಿದೆ. ಹೆಚ್ಚಿನವರು ಕೊನೆಯ ಸಾಲು ನೋಡಿ “ಹೋಲ್ಡ್ ಅಂತ ಇದೆ” ಎಂದು ಬರೆದುಬಿಡುತ್ತಾರೆ. ನಾನು ನೋಡುವುದು ಊರಿನ ಹೆಸರುಗಳನ್ನು ಮತ್ತು ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವಿನ ಹೊತ್ತನ್ನು. `In Transit` ಎಂದು ಒಂದು ದಿನ ಹಾಗೇ ನಿಂತಿದ್ದರೆ ಗಾಬರಿಯಾಗಬೇಕಿಲ್ಲ. ಲಾರಿಯೊಳಗಿರುವ ಚೀಲವನ್ನು ದಾರಿಯಲ್ಲಿ ಯಾರೂ ಸ್ಕ್ಯಾನ್ ಮಾಡುವುದಿಲ್ಲ, ಇಳಿಸಿದಾಗಲೇ ಮುಂದಿನ ಸಾಲು ಬೀಳುವುದು. ಆದರೆ ಹುಬ್ಬಳ್ಳಿಯಿಂದ ಪುಣೆ ಒಂದು ರಾತ್ರಿಯ ದಾರಿ. ಐದರ ರಾತ್ರಿ ಹೊರಟದ್ದು ಆರರಂದು ಪುಣೆಯಲ್ಲಿ ಕಾಣಬೇಕಿತ್ತು. ಕಂಡದ್ದು ಏಳರಂದು, ಅದೂ ಭಿವಂಡಿಯಲ್ಲಿ. ಭಿವಂಡಿ ಇರುವುದು ಪುಣೆ ದಾಟಿ ಮುಂದೆ, ಠಾಣೆ ಜಿಲ್ಲೆಯಲ್ಲಿ. ಸೀರೆ ಪುಣೆಯ ಮಗ್ಗುಲಲ್ಲೇ ಹಾದು ಹೋಗಿಬಿಟ್ಟಿತ್ತು.

ಐದನೇ ಸಾಲು ಇನ್ನೂ ದೊಡ್ಡ ಸುಳಿವು. ಬರೀ ಚೀಲ ತಪ್ಪಿ ಬೇರೆ ಲಾರಿ ಹತ್ತಿದ್ದರೆ ಭಿವಂಡಿಯವರು ನೋಡಿ ಪುಣೆಗೆ ತಿರುಗಿಸುತ್ತಿದ್ದರು. ಪರದೆಯ ಮೇಲೆ `Misroute` ಎಂದೋ ಅಂಥದ್ದೇನೋ ಬೀಳುತ್ತಿತ್ತು. ಇಲ್ಲಿ ಹಾಗಾಗಿಲ್ಲ. ಅವರು ಇದು ತಮ್ಮ ಊರಿನದೇ ಪಾರ್ಸೆಲ್ ಎಂದುಕೊಂಡು ಹುಡುಗನ ಕೈಗೆ ಕೊಟ್ಟು ಕಳಿಸಿದ್ದಾರೆ, ಅವನಿಗೆ ವಿಳಾಸ ಸಿಕ್ಕಿಲ್ಲ. ಅಂದರೆ ಕಂಪ್ಯೂಟರಿನಲ್ಲಿ ಇದು ಭಿವಂಡಿಯ ಪಾರ್ಸೆಲ್ ಎಂದೇ ದಾಖಲಾಗಿದೆ.

“ಬುಕಿಂಗ್ ಚೀಟಿ ತೆಗಿ. ಪಿನ್ ಏನೈತಿ ಓದು.”

“421...” ಎಂದು ಶುರು ಮಾಡಿ ನಿಂತಳು. ಗಿರಾಕಿ ಇರುವುದು ಪುಣೆಯಲ್ಲಿ, ಹಡಪ್ಸರ್ ಆಚೆಯ ಫುರಸುಂಗಿಯಲ್ಲಿ. ಅಲ್ಲಿಯ ಪಿನ್ ಶುರುವಾಗುವುದು 412ರಿಂದ. ಕೌಂಟರಿನ ಹುಡುಗ ಅಂಕಿ ಒತ್ತುವಾಗ 1 ಮತ್ತು 2 ಅದಲುಬದಲಾಗಿವೆ. ಪಿನ್ನಿನ ಮೊದಲ ಮೂರು ಅಂಕಿಗಳೇ ಪಾರ್ಸೆಲ್ ಯಾವ ವಿಂಗಡಣೆ ಜಿಲ್ಲೆಗೆ ಹೋಗಬೇಕೆಂದು ಹೇಳುವುದು. 412 ಪುಣೆಯ ಸುತ್ತಿನದು, 421 ಕಲ್ಯಾಣ್-ಭಿವಂಡಿ ಕಡೆಯದು. ಎರಡೂ ಮಹಾರಾಷ್ಟ್ರವೇ ಆದ್ದರಿಂದ ರಾಜ್ಯದ ಹೆಸರು ನೋಡಿದ ಯಾರಿಗೂ ಅನುಮಾನ ಬಂದಿಲ್ಲ. ವಿಳಾಸದಲ್ಲಿ “ಪುಣೆ” ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ವಿಂಗಡಣೆಯ ಯಂತ್ರ ಓದುವುದು ಪಿನ್ನನ್ನು.

ಇಲ್ಲೊಂದು ಮಾತು ಹೇಳಬೇಕು. ಸ್ಪೀಡ್ ಪೋಸ್ಟ್ ನಂಬರ್ ನೋಡಿರುತ್ತೀರಿ: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ IN, ಒಟ್ಟು ಹದಿಮೂರು. ಆ ಒಂಬತ್ತರಲ್ಲಿ ಕೊನೆಯದು ಹಿಂದಿನ ಎಂಟರ ಲೆಕ್ಕದಿಂದ ಹುಟ್ಟುವ ತಾಳೆ ಅಂಕಿ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಸಾಮಾನ್ಯವಾಗಿ ತಾಳೆ ತಪ್ಪುತ್ತದೆ, ನಂಬರ್ ತಪ್ಪು ಎಂದು ಗೊತ್ತಾಗುತ್ತದೆ. 1972ರಲ್ಲಿ ಬಂದ ನಮ್ಮ ಆರಂಕಿಯ ಪಿನ್‌ಗೆ ಅಂಥ ಕಾವಲು ಇಲ್ಲ. ತಪ್ಪಿ ಒತ್ತಿದ ಪಿನ್ ಇನ್ನೊಂದು ಊರಿನದಾಗಿದ್ದರೆ ಪಾರ್ಸೆಲ್ ನಿಶ್ಚಿಂತೆಯಿಂದ ಆ ಊರಿಗೆ ಹೋಗುತ್ತದೆ.

ಕಾರಣ ಗೊತ್ತಾಯಿತು, ಇನ್ನು ಕೊರಿಯರ್‌ನವರಿಗೆ ಫೋನು. ಕಸ್ಟಮರ್ ಕೇರ್ ನಂಬರಿಗೆ ಮಾಡಿ ಹಾಡು ಕೇಳುತ್ತಾ ಕೂರುವುದಕ್ಕಿಂತ ಬುಕ್ ಮಾಡಿದ ಕೌಂಟರಿಗೇ ನಡೆದುಹೋಗುವುದು ಮೇಲು. ಅವರ ಹತ್ತಿರ ಆಯಾ ಹಬ್‌ನ ನಂಬರ್ ಇರುತ್ತದೆ. ತಂಗಿಯ ಮನೆಯಿಂದ ಕೌಂಟರು ಎರಡು ಓಣಿ ದೂರ. ಅಲ್ಲಿ ಏನು ಕೇಳಬೇಕೆಂದು ಬರೆಸಿದೆ. “ಯಾವಾಗ ಬರ್ತದ?” ಎಂದು ಕೇಳಿದರೆ “ನಾಳೆ” ಎನ್ನುತ್ತಾರೆ, ಆ ಉತ್ತರಕ್ಕೆ ಬೆಲೆಯಿಲ್ಲ. ಮೊದಲು ಕೇಳಬೇಕಾದದ್ದು, ಪಾರ್ಸೆಲ್ ಈಗ ಅಲ್ಲಿ ಕಣ್ಣಿಗೆ ಕಾಣುತ್ತಿದೆಯೇ, ಯಾರಾದರೂ ಎದ್ದು ಹೋಗಿ ಶೆಲ್ಫಿನಲ್ಲಿ ನೋಡಿದರೇ ಎಂದು. ಸ್ಕ್ಯಾನ್‌ನಲ್ಲಿ ಇರುವುದು ಬೇರೆ, ಕೈಗೆ ಸಿಗುವುದು ಬೇರೆ. ಸಿಕ್ಕಿದೆ ಎಂದ ಮೇಲೆ, ಪಿನ್ ತಿದ್ದಿ ಹೊಸ ಚೀಟಿ ಅಂಟಿಸಿದ್ದಾರೆಯೇ ಮತ್ತು ಯಾವ ದಿನದ ಗಾಡಿಗೆ ಹಾಕುತ್ತಾರೆ ಎಂದು ಕೇಳಬೇಕು. ಕೊನೆಗೆ ದೂರಿನ ನಂಬರ್ ಬರೆದುಕೊಳ್ಳಬೇಕು.

ಹನ್ನೆರಡೂ ಮುಕ್ಕಾಲಿಗೆ ಉತ್ತರ ಬಂತು. ಪಾರ್ಸೆಲ್ ಸಿಕ್ಕಿದೆ. ಪಿನ್ ತಿದ್ದಿದ್ದಾರೆ. ಇವತ್ತು ರಾತ್ರಿಯ ಪುಣೆ ಗಾಡಿಗೆ ಹಾಕುತ್ತಾರೆ. ಎಲ್ಲ ಸರಿಹೋದರೆ ಶನಿವಾರ 13ಕ್ಕೆ ಮನೆಗೆ. ಭಾನುವಾರ ಆ ಶಾಖೆಯ ಡೆಲಿವರಿ ಇಲ್ಲ.

ಹಾಗಾದರೆ ಸೀಮಂತಕ್ಕೆ ಸೀರೆ ಸಿಗುವ ಅವಕಾಶ ಒಂದೇ ಒಂದು ದಿನದ ಮೇಲೆ ನಿಂತಿದೆ. ಗಿರಾಕಿಗೆ ಹೇಳಬೇಕಾದದ್ದು ಇದನ್ನೇ.

ಪರಿಹಾರದ ಮಾತಿಗೆ ಬರುವ ಮೊದಲು ಒಂದು ಗೊಂದಲ ಬಿಡಿಸಬೇಕು. ತಂಗಿ ಕೇಳಿದಳು: “ಪರಿಹಾರ ಅಂತ ಪೂರ್ತಿ ದುಡ್ಡು ವಾಪಸ್ ಕೊಡ್ತೀನಿ ಅನ್ನಲಾ?” ದುಡ್ಡು ವಾಪಸ್ ಕೊಡುವುದು ಪರಿಹಾರವಲ್ಲ, ಅದು ಅವರದೇ ದುಡ್ಡು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಹೇಳಿದ ಅವಧಿ ಮೀರಿ ತಡವಾಗಿ ತಲುಪಿಸಿದರೆ, ಗಿರಾಕಿ ಬೇಡವೆಂದಾಗ ಮಾಲು ವಾಪಸ್ ತಗೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಎಂದು ಮಾರಾಟಗಾರರು ಹೇಳುವಂತಿಲ್ಲ. ದೊಡ್ಡ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೂ ಅಷ್ಟೇ, ಸ್ವಂತ ವೆಬ್‌ಸೈಟಿನಲ್ಲಿ ಮಾರಿದರೂ ಅಷ್ಟೇ. ನೆರೆ ಬಂದು ರಸ್ತೆ ಕೊಚ್ಚಿಹೋದಂಥ, ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ತಡವಾದರೆ ಮಾತ್ರ ವಿನಾಯಿತಿ. ಪಿನ್ ತಪ್ಪು ಬಿದ್ದದ್ದು ನೆರೆಯಲ್ಲ. ತಂಗಿಯ ವೆಬ್‌ಸೈಟಿನಲ್ಲಿ “ಆರ್ಡರ್ ಆದ 7 ದಿನದೊಳಗೆ” ಎಂದಿತ್ತು. 3ರ ಆರ್ಡರ್, 10ಕ್ಕೆ ಗಡುವು ಮುಗಿದಿದೆ. ಗಿರಾಕಿ ಬಯಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಮಾಡಿದರೆ ಅದು ಜಗಳಗಂಟಿತನವೂ ಅಲ್ಲ. ಆದ್ದರಿಂದ “ನಮ್ಮಲ್ಲಿ ರಿಫಂಡ್ ಪಾಲಿಸಿ ಇಲ್ಲ ಮೇಡಂ” ಎಂಬ ಸಾಲನ್ನು ತಡವಾದ ಪಾರ್ಸೆಲ್ ವಿಷಯದಲ್ಲಿ ಬರೆಯಲೇಬೇಡಿ.

ಪರಿಹಾರವೆಂದರೆ ಇದರ ಮೇಲೆ ಕೊಡುವುದು: ಕಾಯಿಸಿದ್ದಕ್ಕೆ, ತಲೆಬಿಸಿ ಮಾಡಿದ್ದಕ್ಕೆ. ಎಷ್ಟು ಕೊಡಬೇಕು? ತಂಗಿಯ ಲೆಕ್ಕ ಕೇಳಿದೆ. ಸೀರೆ ದಾಳಿಂಬೆ ಬಣ್ಣದ್ದು, ಗಾಡಿ ದಡಿ, ಟೋಪ ತೆನಿ ಸೆರಗು. ಮಗ್ಗದವರಿಗೆ ಕೊಟ್ಟದ್ದು ₹2,650, ಮಾರಿದ್ದು ₹3,450ಕ್ಕೆ. ಗಿರಾಕಿ ಕೊರಿಯರ್ ಖರ್ಚು ಸೇರಿ ಹಾಕಿದ್ದು ₹3,570. ಗಿರಾಕಿ ಬೇಡವೆಂದರೆ ಆ ಸೀರೆ ವಾಪಸ್ ಬರುವ ಖರ್ಚು ಇನ್ನೊಂದು ₹120. ಹೋಗಿಬರುವ ಎರಡೂ ಖರ್ಚು ಸೇರಿ ₹240 ಕೈಬಿಟ್ಟಂತೆ, ಮೇಲೆ ಮಾರಾಟವೂ ಹೋಯಿತು. ಹೀಗಿರುವಾಗ ಗಿರಾಕಿ ಕಾದು ಸೀರೆ ಇಟ್ಟುಕೊಳ್ಳುತ್ತಾರೆಂದರೆ ₹300 ಕೊಡುವುದು ಕೈಗೆಟಕುವ ಮಾತು. ಸಿಗುವ ಲಾಭದಲ್ಲಿ ₹500 ಉಳಿಯುತ್ತದೆ.

“ಮುಂದಿನ ಸೀರಿ ಮ್ಯಾಲೆ ಹತ್ತು ಪರ್ಸೆಂಟ್ ಕೂಪನ್ ಕೊಟ್ರ?” ಎಂದಳು. ಬೇಡ ಎಂದೆ. ಸೀರೆ ಬಾರದೆ ಸಿಟ್ಟಿನಲ್ಲಿರುವವರಿಗೆ ಇನ್ನೊಂದು ಸೀರೆ ತಗೊಂಡರೆ ರಿಯಾಯಿತಿ ಎನ್ನುವುದು, ಪಂಕ್ತಿಯಲ್ಲಿ ಊಟ ಬಡಿಸದೆ ನಾಳೆಯ ಊಟಕ್ಕೆ ಕರೆದಂತೆ. ಕೂಪನ್‌ಗೂ ಒಂದು ಜಾಗವಿದೆ, ಅದು ಪಾರ್ಸೆಲ್ ತಲುಪಿ ಸಿಟ್ಟಿಳಿದ ಮೇಲೆ. ಹಾಗೆಯೇ ಪರಿಹಾರಕ್ಕೆ ಬದಲಾಗಿ “ಒಂದು ಒಳ್ಳೆ ರಿವ್ಯೂ ಹಾಕಿ” ಎಂದು ಕೇಳುವುದು ಪರಿಹಾರವನ್ನು ಲಂಚವಾಗಿ ಮಾಡುತ್ತದೆ.

ಬೇರೆ ಸೀರೆಯನ್ನು ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸಬಹುದಲ್ಲವೇ ಎಂದೂ ಯೋಚಿಸಿದೆವು. ಮಿಲ್ ಸೀರೆಯಾಗಿದ್ದರೆ ಅದೇ ಮೊದಲ ಆಯ್ಕೆ ಆಗುತ್ತಿತ್ತು. ಆದರೆ ಮಗ್ಗದ್ದು, ಆ ಬಣ್ಣದ ಜೋಡಿ ಇರಲಿಲ್ಲ. ಇಲ್ಲದ್ದನ್ನು ಆಯ್ಕೆಯೆಂದು ಬರೆಯಬಾರದು. ಎರಡು ಖರೆ ಆಯ್ಕೆಗಳು ಸಾಕು.

ಒಂದಕ್ಕೆ ಐದು ನಿಮಿಷ ಮೊದಲು ತಂಗಿ ಕಳಿಸಿದ್ದು ಇದು:

“ನಮಸ್ಕಾರ ಅಕ್ಕಾರ. ನಿಮ್ಮ ಸೀರೆ ಈಗ ಭಿವಂಡಿಯ ಕೊರಿಯರ್ ಗೋದಾಮಿನಲ್ಲಿದೆ, ಪುಣೆಗೆ ಬಂದಿಲ್ಲ. ಬುಕಿಂಗ್ ಚೀಟಿಯಲ್ಲಿ ನಿಮ್ಮ ಪಿನ್ 412 ಬದಲು 421 ಅಂತ ಬಿದ್ದಿದೆ. ಚೀಟಿ ಕೈಗೆ ಬಂದಾಗ ನಾನು ನೋಡಿಕೊಳ್ಳಲಿಲ್ಲ, ತಪ್ಪು ನನ್ನದು. 10ಕ್ಕೆ ಮುಟ್ಟಬೇಕಿತ್ತು, ಮುಟ್ಟಿಲ್ಲ. ಕ್ಷಮಿಸಿರಿ.

ಈಗ ಪಿನ್ ತಿದ್ದಿಸಿದ್ದೇನೆ. ಇವತ್ತು ರಾತ್ರಿ ಪುಣೆ ಗಾಡಿಗೆ ಹಾಕುತ್ತೇವೆ ಅಂದಿದ್ದಾರೆ. ನಾಳೆ ಸಂಜೆಯೊಳಗೆ ಟ್ರ್ಯಾಕಿಂಗ್‌ನಲ್ಲಿ Received at Hub - Pune ಅಂತ ಕಾಣಬೇಕು. ಶನಿವಾರ ಬೆಳಿಗ್ಗೆ 10ಕ್ಕೆ Out for Delivery ಅಂತ ಇದ್ದರೆ ಅವತ್ತು ಮನೆಗೆ ಬರುತ್ತದೆ. ಅದು ಕಾಣದಿದ್ದರೆ ಸೀಮಂತಕ್ಕೆ ಸಿಗುವುದಿಲ್ಲ ಅಂತ ತಿಳಿಯಿರಿ, ಭಾನುವಾರ ಅವರ ಡೆಲಿವರಿ ಇಲ್ಲ. ಬಂದೇ ಬರುತ್ತದೆ ಅಂತ ನಾನು ಮಾತು ಕೊಡಲಾರೆ.

ನಿಮಗೆ ಸೀರೆ ಬೇಡ ಅಂದರೆ ಪೂರ್ತಿ ₹3,570 ಇವತ್ತೇ ವಾಪಸ್ ಹಾಕುತ್ತೇನೆ. ಪಾರ್ಸೆಲ್ ಬಂದರೆ ತಗೋಬೇಡಿ, ವಾಪಸ್ ಖರ್ಚು ನನ್ನದು. ಶನಿವಾರದವರೆಗೆ ನೋಡೋಣ ಅಂದರೆ ತೊಂದರೆ ಆದದ್ದಕ್ಕೆ ₹300 ಇವತ್ತೇ ಹಾಕುತ್ತೇನೆ. ಶನಿವಾರ ಬರದಿದ್ದರೆ ಉಳಿದ ₹3,270 ನೀವು ಹೇಳಿದ ಕೂಡಲೇ ಹಾಕುತ್ತೇನೆ. ಯಾವುದು ಅಂತ ಇವತ್ತು ರಾತ್ರಿ 8ರೊಳಗೆ ತಿಳಿಸಿದರೆ ಅನುಕೂಲ. ಏನೂ ಹೇಳದಿದ್ದರೆ ಪಾರ್ಸೆಲ್ ಬರಲು ಬಿಡುತ್ತೇನೆ, ಆದರೆ ದುಡ್ಡು ವಾಪಸ್ ಕೇಳುವ ಹಕ್ಕು ನಿಮಗೆ ಇದ್ದೇ ಇರುತ್ತದೆ.

ಟ್ರ್ಯಾಕಿಂಗ್ ನಂಬರ್ ಕೆಳಗಿನ ಮೆಸೇಜಿನಲ್ಲಿದೆ. ಶನಿವಾರ 10:30ಕ್ಕೆ ನಾನೇ ಮೆಸೇಜ್ ಹಾಕುತ್ತೇನೆ.”

ಉದ್ದವಾಯಿತು ಎನಿಸಬಹುದು. ವಾಟ್ಸಾಪ್‌ನಲ್ಲಿ ಇಷ್ಟುದ್ದ ಯಾರು ಓದುತ್ತಾರೆ ಎಂದು ತಂಗಿಯೂ ಕೇಳಿದಳು. ತಮ್ಮ ದುಡ್ಡು, ತಮ್ಮ ಸೀರೆ ಎಂದಾಗ ಎಲ್ಲರೂ ಓದುತ್ತಾರೆ. ನಾನು ಕತ್ತರಿಸಲು ಹೇಳಿದ್ದು ಬೇರೆ ಕಡೆ. ಈ ಉದ್ದ ಉತ್ತರದ ಮೊದಲ ಪ್ರತಿಯಲ್ಲಿ “ಸಾರಿ” ಐದು ಸಲ ಇತ್ತು, ಒಂದನ್ನು ಉಳಿಸಿದೆವು. “ಮಳೆಗಾಲ ಅಲ್ಲವಾ, ಎಲ್ಲಾ ಕಡೆ ಹಿಂಗೇ” ಎಂಬ ಸಾಲು ಇತ್ತು, ಅದು ಸುಳ್ಳು, ತೆಗೆದೆವು. “ಕೌಂಟರ್ ಹುಡುಗನ ತಪ್ಪು” ಎಂದಿತ್ತು, ಅದು ನಿಜ, ಆದರೂ ತೆಗೆದೆವು. ಗಿರಾಕಿ ಆ ಹುಡುಗನಿಗೆ ದುಡ್ಡು ಕೊಟ್ಟಿಲ್ಲ. ಚೀಟಿ ಮೇಲೆ ಅಚ್ಚಾದ ಪಿನ್ ನೋಡುವ ಕೆಲಸ ತಂಗಿಯದಾಗಿತ್ತು.

ಈ ಉತ್ತರದಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಆ ಶನಿವಾರ ಹತ್ತು ಗಂಟೆಯ ಗುರುತು. ತಾರೀಖು ಕೊಟ್ಟರೆ ನಾವು ಕೊರಿಯರ್‌ನವರ ಪರವಾಗಿ ಮಾತು ಕೊಟ್ಟಂತಾಗುತ್ತದೆ. ಗುರುತು ಕೊಟ್ಟರೆ ಗಿರಾಕಿ ತಾನೇ ನೋಡಿ ತಿಳಿಯಬಹುದು, ಮತ್ತು ಶನಿವಾರ ಬೆಳಿಗ್ಗೆಯೇ ತಿಳಿಯಬಹುದು, ಅಂಗಡಿಗಳು ತೆರೆದಿರುವಾಗ. ಸಾಮಾನ್ಯವಾಗಿ ಡೆಲಿವರಿ ಹುಡುಗರು ಬೆಳಿಗ್ಗೆ ತಮ್ಮ ಚೀಲ ಸ್ಕ್ಯಾನ್ ಮಾಡಿಕೊಂಡೇ ಹೊರಡುವುದು. ಆದ್ದರಿಂದ ಮುಂಜಾನೆಯ ಆ ಸಾಲು ಬೀಳದಿದ್ದರೆ ಅಂದು ಬರುವ ಸಂಭವ ತೀರ ಕಡಿಮೆ. ಕೆಲವು ಕೊರಿಯರ್‌ಗಳಲ್ಲಿ ಮಧ್ಯಾಹ್ನ ಎರಡನೇ ಸುತ್ತು ಇರುತ್ತದೆ, ಅದನ್ನು ಶಾಖೆಯಲ್ಲಿ ಕೇಳಿ ಗುರುತಿನ ಹೊತ್ತು ನಿಗದಿ ಮಾಡಬೇಕು.

ನಂಬರನ್ನು ಬೇರೆ ಮೆಸೇಜಿನಲ್ಲಿ ಕಳಿಸಿದ್ದಕ್ಕೆ ಕಾರಣ ಸರಳ: ಬೆರಳೊತ್ತಿ ಕಾಪಿ ಮಾಡಿದರೆ ಬರೀ ನಂಬರ್ ಬರಬೇಕು. ಲಿಂಕ್ ಕಳಿಸಲಿಲ್ಲ. “ನಿಮ್ಮ ಪಾರ್ಸೆಲ್ ನಿಂತಿದೆ, ವಿಳಾಸ ಸರಿಪಡಿಸಲು ಇಲ್ಲಿ ಒತ್ತಿ, ಐದು ರೂಪಾಯಿ ಕಟ್ಟಿ” ಎಂಬ ಮೋಸದ ಮೆಸೇಜುಗಳು ಎಲ್ಲರ ಫೋನಿಗೂ ಬರುತ್ತಿವೆ. ತಡವಾದ ಪಾರ್ಸೆಲ್ ಕಾಯುತ್ತಿರುವವರು ಅಂಥದ್ದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ಕೊರಿಯರ್‌ನವರ ಹೆಸರು ಹೇಳಿ, ಅವರ ಸೈಟನ್ನು ಗಿರಾಕಿಯೇ ತೆರೆದು ನಂಬರ್ ಹಾಕುವುದು ಕ್ಷೇಮ.

ದುಡ್ಡು ಹಾಕುವಾಗಲೂ ಇದೇ ಎಚ್ಚರ. ಗಿರಾಕಿ ವೆಬ್‌ಸೈಟಿನ ಪೇಮೆಂಟ್ ಗೇಟ್‌ವೇ ಮೂಲಕ ಕಟ್ಟಿದ್ದರೆ ಪೂರ್ತಿ ರಿಫಂಡನ್ನು ಅಲ್ಲಿಂದಲೇ, ಆ ಆರ್ಡರಿನ ಎದುರಿಗಿರುವ `Refund` ಒತ್ತಿ ಮಾಡಬೇಕು. ದುಡ್ಡು ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ಲೆಕ್ಕವೂ ಸರಿಯಿರುತ್ತದೆ. ಆದರೆ ಅದು ಖಾತೆಗೆ ಬೀಳಲು ಕೆಲವು ಕೆಲಸದ ದಿನಗಳೇ ಬೇಕಾಗಬಹುದು, “ಈಗಲೇ ಬಂತು” ಎಂದು ಬರೆಯಬಾರದು. ತಂಗಿಯ ಗಿರಾಕಿ ನೇರ ಯುಪಿಐನಲ್ಲಿ ಹಾಕಿದ್ದರಿಂದ ಇವಳೂ ಅದೇ ಐಡಿಗೆ ನೇರ ಹಾಕಬಹುದಿತ್ತು. ಹಾಕಿದ ಮೇಲೆ ಸ್ಕ್ರೀನ್‌ಶಾಟಿನ ಜೊತೆ ಹನ್ನೆರಡು ಅಂಕಿಯ ಯುಟಿಆರ್ ನಂಬರನ್ನೂ ಬರೆಯಬೇಕು. ಗಿರಾಕಿಯ ಬ್ಯಾಂಕಿನಲ್ಲಿ ಹುಡುಕಲು ಬೇಕಾಗುವುದು ಅದು. ಜೊತೆಗೆ ಒಂದು ಸಾಲು: “ದುಡ್ಡು ಬರಲು ನೀವು ಏನೂ ಒತ್ತಬೇಕಿಲ್ಲ, ಪಿನ್ ಹಾಕಬೇಕಿಲ್ಲ.” ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಡ. ರಿಫಂಡ್ ಹೆಸರಿನಲ್ಲಿ ಯಾರಾದರೂ ಪಿನ್ ಕೇಳಿದರೆ ಅದು ದುಡ್ಡು ಕೀಳುವ ಆಟ.

ಸಂಜೆ ಆರಕ್ಕೆ ಪುಣೆಯಿಂದ ಉತ್ತರ: “ಶನಿವಾರ ತನಕ ನೋಡೋಣ್ರೀ.” ತಂಗಿ ₹300 ಹಾಕಿದಳು.

ಶುಕ್ರವಾರ ಸಂಜೆಯೊಳಗೆ ಬೀಳಬೇಕಿದ್ದ ಪುಣೆಯ ಸಾಲು ಬಿದ್ದದ್ದು ರಾತ್ರಿ 21:40ಕ್ಕೆ. ಅಷ್ಟು ತಡವಾದರೆ ಮರುದಿನ ಮುಂಜಾನೆ ಶಾಖೆಗೆ ಹೋಗುವ ಗಾಡಿ ತಪ್ಪಬಹುದು ಎಂದು ನನಗೆ ಆಗಲೇ ಅನಿಸಿತ್ತು. ಶನಿವಾರ ಹತ್ತಕ್ಕೆ ನೋಡಿದರೆ ಅದೇ ಸಾಲು, ಮುಂದೆ ಏನೂ ಇಲ್ಲ. “ಅಕ್ಕಾ, ಇನ್ನೊಂದು ತಾಸು ನೋಡೋಣೇನು? ಹನ್ನೊಂದಕ್ಕ ಬಿದ್ರ?” ಎಂದಳು. ಇಂಥ ಹೊತ್ತಿನಲ್ಲೇ ಎಲ್ಲರೂ ಜಾರುವುದು. ಕೆಟ್ಟ ಸುದ್ದಿಯನ್ನು ಒಂದು ತಾಸು ಮುಂದೂಡಿದರೆ ಗಿರಾಕಿಗೆ ಅಂಗಡಿಗೆ ಹೋಗುವ ಹೊತ್ತು ಒಂದು ತಾಸು ಕಡಿಮೆಯಾಗುತ್ತದೆ. ಹತ್ತೂವರೆಗೆ ಸರಿಯಾಗಿ ಬರೆಸಿದೆ: “ಅಕ್ಕಾರ, Out for Delivery ಬಿದ್ದಿಲ್ಲ. ಸೀರೆ ಪುಣೆಯಲ್ಲಿದೆ, ಆದರೆ ಇವತ್ತು ಬರುವುದಿಲ್ಲ. ನಾಳೆಗೆ ಬೇರೆ ನೋಡಿಕೊಳ್ಳಿರಿ. ಉಳಿದ ದುಡ್ಡು ಹಾಕಲಾ?”

“ಹಾಕ್ರಿ” ಎಂದು ಬಂತು, ಅಷ್ಟೇ. ₹3,270 ಹೋಯಿತು. ಆಕೆ ಲಕ್ಷ್ಮಿ ರೋಡಿಗೆ ಹೋಗಿ ಬೇರೆ ಸೀರೆ ತಂದರೆಂದು ಆಮೇಲೆ ತಿಳಿಯಿತು.

ಎಲ್ಲ ತಡವೂ ಹೀಗೆ ನಮ್ಮ ಚೀಟಿಯಲ್ಲೇ ಸಿಗುವುದಿಲ್ಲ. ಬಹಳ ಸಲ ಕಾಣುವ ಇನ್ನೊಂದು ಸಾಲೆಂದರೆ `Customer Not Available`. ಅದನ್ನು ನೋಡಿ “ನೀವು ಮನೆಯಲ್ಲಿರಲಿಲ್ಲವಂತೆ” ಎಂದು ಗಿರಾಕಿಗೆ ಬರೆದರೆ ಬೆಂಕಿಗೆ ತುಪ್ಪ. ದಿನವಿಡೀ ಮನೆಯಲ್ಲೇ ಇದ್ದವರಿಗೂ ಆ ಸಾಲು ಬಿದ್ದದ್ದನ್ನು ನಾನು ಕಂಡಿದ್ದೇನೆ. ಹುಡುಗನಿಗೆ ಅಂದು ಆ ಓಣಿಗೆ ಬರಲಾಗಿರುವುದಿಲ್ಲ. ಅಲ್ಲಿ ಹೇಳುವುದಕ್ಕಿಂತ ಕೇಳುವುದು ಒಳ್ಳೆಯದು: “ನಿನ್ನೆ ಯಾರಾದರೂ ಫೋನ್ ಮಾಡಿದ್ದರೇ, ಬಾಗಿಲಿಗೆ ಬಂದಿದ್ದರೇ?” ಇಲ್ಲವೆಂದರೆ ಅದನ್ನೇ ಹಿಡಿದು ಕೊರಿಯರ್‌ನವರನ್ನು ಮರುಯತ್ನಕ್ಕೆ ಒತ್ತಾಯಿಸಬಹುದು. ಇದರಲ್ಲಿ ತಡಮಾಡಬಾರದು, ಕೆಲವು ಯತ್ನಗಳಾದ ಮೇಲೆ ಪಾರ್ಸೆಲ್ ತಾನಾಗಿಯೇ ಕಳಿಸಿದವರಿಗೆ ಹೊರಟುಬಿಡುತ್ತದೆ. ಪರದೆಯ ಮೇಲೆ `RTO` ಎಂದು ಬಿದ್ದ ಮೇಲೆ ಅದನ್ನು ನಡುದಾರಿಯಲ್ಲಿ ತಿರುಗಿಸುವುದು ಬಲು ಕಷ್ಟ. ಆಗ ಗಿರಾಕಿಗೆ ಕಾಯಿರಿ ಎನ್ನದೆ ನೇರವಾಗಿ ದುಡ್ಡಿನ ಮಾತಾಡಬೇಕು.

ಕ್ಯಾಶ್ ಆನ್ ಡೆಲಿವರಿಯಾದರೆ ಗಿರಾಕಿ ಇನ್ನೂ ದುಡ್ಡೇ ಕೊಟ್ಟಿಲ್ಲ, ರಿಫಂಡ್ ಮಾತಿಲ್ಲ. ಬಾಗಿಲಲ್ಲಿ ವಸೂಲಾಗುವ ಮೊತ್ತವನ್ನು ನಡುವೆ ಬದಲಿಸುವುದು ತಾಪತ್ರಯ. ಪರಿಹಾರವನ್ನು ಬೇರೆಯಾಗಿ ಯುಪಿಐಗೆ ಹಾಕುವುದೇ ಸಲೀಸು.

ಕೊಟ್ಟ ಪರಿಹಾರವನ್ನು ಕೊರಿಯರ್‌ನವರಿಂದ ವಸೂಲಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಖಾಸಗಿಯವರ ಚೀಟಿಯ ಹಿಂದೆ ಇರುವೆಯಂಥ ಅಕ್ಷರಗಳಲ್ಲಿ ಅವರ ಹೊಣೆಯ ಮಿತಿ ಅಚ್ಚಾಗಿರುತ್ತದೆ. ಬೇರೆ ವಿಮೆ ಮಾಡಿಸದಿದ್ದರೆ ಅದು ಸಣ್ಣ ಮೊತ್ತ. ಸ್ಪೀಡ್ ಪೋಸ್ಟ್‌ನಲ್ಲಿ ಬಹುಕಾಲದಿಂದ ಇರುವ ಕ್ರಮವೆಂದರೆ, ತಡವಾದರೆ ಕಟ್ಟಿದ ಸ್ಪೀಡ್ ಪೋಸ್ಟ್ ಶುಲ್ಕ ವಾಪಸ್. ಕಳೆದುಹೋದರೆ ಆ ಶುಲ್ಕದ ಎರಡು ಪಟ್ಟು ಅಥವಾ ₹1,000, ಎರಡರಲ್ಲಿ ಕಡಿಮೆಯದು. ₹3,450ರ ಸೀರೆ ಕಳೆದರೆ ಅದು ಯಾವ ಮೂಲೆಗೂ ಸಾಲದು. ಗಿರಾಕಿಗೆ ಕೊಡುವುದು ನಮ್ಮ ಗಂಟಿನಿಂದಲೇ ಎಂದು ತಿಳಿದು ಮೊತ್ತ ನಿಗದಿ ಮಾಡಿ. “ಕೊರಿಯರ್‌ನವರು ಕೊಟ್ಟ ಮೇಲೆ ಕೊಡ್ತೀವಿ” ಎಂದು ಬರೆದರೆ ಗಿರಾಕಿಯನ್ನು ಎರಡನೇ ಸಲ ಕಾಯಿಸಿದಂತೆ.

ಸೋಮವಾರ 15ರ ಮಧ್ಯಾಹ್ನ ಪುಣೆಯಿಂದ ಫೋನ್ ಬಂತಂತೆ. ಸೀರೆ ಬಾಗಿಲಿಗೆ ಬಂದಿದೆ, ಹುಡುಗ ನಿಂತಿದ್ದಾನೆ. “ಬಂದದ ನೋಡ್ರಿ, ಏನ್ ಮಾಡ್ಲಿ? ವಾಪಸ್ ಕಳಿಸ್ಲಾ?” ನಿಮ್ಮಿಷ್ಟ ಅಕ್ಕಾರ ಎಂದಳಂತೆ ತಂಗಿ. ಐದು ನಿಮಿಷದಲ್ಲಿ ತಂಗಿಯ ಫೋನಿನಲ್ಲಿ ₹3,270 ಬಂದ ಸದ್ದು. ₹300 ಮಾತು ಕೊಟ್ಟಂತೆ ಅವರಲ್ಲೇ ಉಳಿಯಿತು. ಸಂಜೆ ಒಂದು ಫೋಟೊ ಬಂತು, ದಾಳಿಂಬೆ ಬಣ್ಣದ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದದ್ದು.

ಈಗ ತಂಗಿ ಕೌಂಟರಿನಿಂದ ಹೊರಬೀಳುವ ಮೊದಲೇ ಚೀಟಿಯ ಫೋಟೊ ತೆಗೆದು ಗಿರಾಕಿಗೆ ಕಳಿಸುತ್ತಾಳೆ. ಕೆಳಗೊಂದು ಸಾಲು ಇರುತ್ತದೆ: “ಪಿನ್ ಸರಿ ಅದ ಏನು, ಒಮ್ಮೆ ನೋಡಿ ಹೇಳ್ರಿ. ನಾ ಇಲ್ಲೇ ನಿಂತೀನಿ.”